ಡಿಟೆಕ್ಟರ್ ಬಿಡೋಣ, ಅಸೈನ್‌ಮೆಂಟ್ ಬದಲಿಸೋಣ: ಸ್ಟಾಫ್ ಮೀಟಿಂಗಿನ ಮುಂದಿಟ್ಟ ಮಾತು

ಸಹೋದ್ಯೋಗಿಗಳೇ, ನನ್ನ ಪ್ರಸ್ತಾಪದಲ್ಲಿ ಎರಡು ಭಾಗಗಳಿವೆ. ಬರಹ ವಿದ್ಯಾರ್ಥಿಯದೋ ಎಐ ಬರೆದದ್ದೋ ಎಂದು ಹೇಳುವ ಡಿಟೆಕ್ಟರ್‌ಗಳನ್ನು ನಾವು ಇನ್ನು ಬಳಸುವುದು ಬೇಡ. ಅದರ ಬದಲು, ಮನೆಯಲ್ಲಿ ಬರೆದು ತರುವ ಪ್ರಬಂಧಕ್ಕೆ ಅಂಕ ಕೊಡುವ ರೀತಿಯನ್ನೇ ಬದಲಿಸೋಣ. ಮೊದಲನೆಯದಕ್ಕೆ ಸ್ವಲ್ಪ ಲೆಕ್ಕ ಹಾಕಬೇಕಾಗುತ್ತದೆ. ಎರಡನೆಯದಕ್ಕೆ ಒಂದು ಅಸೈನ್‌ಮೆಂಟನ್ನೇ ಬಿಚ್ಚಿ, ಮತ್ತೆ ಜೋಡಿಸಿ ತೋರಿಸುತ್ತೇನೆ.

ಡಿಟೆಕ್ಟರ್ ಏನನ್ನು ನೋಡುತ್ತದೆ ಎಂಬಲ್ಲಿಂದ ಶುರು ಮಾಡೋಣ. ಕೃತಿಚೌರ್ಯ ಹಿಡಿಯುವ ತಂತ್ರಾಂಶವೂ ಇದೂ ಒಂದೇ ಜಾತಿಯವಲ್ಲ. ಎರಡೂ ಪರದೆಯ ಮೇಲೆ ಶೇಕಡಾ ಇಷ್ಟು ಎಂದು ತೋರಿಸುವುದರಿಂದ ನಮಗೆ ಒಂದೇ ಎಂಬ ಭಾವನೆ ಬರುತ್ತದೆ, ಅಷ್ಟೆ. ಕೃತಿಚೌರ್ಯದ ವರದಿಯಲ್ಲಿ ವಿದ್ಯಾರ್ಥಿಯ ವಾಕ್ಯವೂ ಇರುತ್ತದೆ, ಅದು ಎಲ್ಲಿಂದ ಬಂತು ಎಂಬ ಮೂಲವೂ ಇರುತ್ತದೆ. ಶಿಕ್ಷಕರೂ ವಿದ್ಯಾರ್ಥಿಯೂ ಒಟ್ಟಿಗೆ ಕೂತು ಎರಡನ್ನೂ ಓದಿ, ಹೌದೋ ಅಲ್ಲವೋ ಎಂದು ತೀರ್ಮಾನಕ್ಕೆ ಬರಬಹುದು. ಎಐ ಡಿಟೆಕ್ಟರ್‌ಗೆ ತೋರಿಸಲು ಮೂಲವೇ ಇಲ್ಲ. ಅದು ಕೊಡುವುದು ಒಂದು ಅಂದಾಜು. ‘ಶೇ 78’ ಎಂದು ಬಂದರೆ ಆ 78ನ್ನು ಪರೀಕ್ಷಿಸುವ ದಾರಿ ನಮಗೂ ಇಲ್ಲ, ತಪ್ಪು ಎಂದು ತೋರಿಸುವ ದಾರಿ ಬರೆದ ವಿದ್ಯಾರ್ಥಿಗೂ ಇಲ್ಲ.

ಈ ಅಂದಾಜು ಎಲ್ಲಿಂದ ಬರುತ್ತದೆ? ಹೆಚ್ಚಿನ ಡಿಟೆಕ್ಟರ್‌ಗಳ ಹಿಂದಿರುವ ತಿರುಳು ಒಂದೇ: ಮುಂದಿನ ಪದವನ್ನು ಊಹಿಸುವುದು ಎಷ್ಟು ಸುಲಭ ಎಂದು ಅಳೆಯುವುದು. ‘ಮಳೆ ಬಂದಿದ್ದರಿಂದ ಪಂದ್ಯವನ್ನು’ ಎಂದು ಬರೆದು ನಿಲ್ಲಿಸಿದರೆ, ಮುಂದೆ ‘ಮುಂದೂಡಲಾಯಿತು’ ಅಥವಾ ‘ರದ್ದು ಮಾಡಲಾಯಿತು’ ಬರುತ್ತದೆ ಎಂದು ಯಾರಾದರೂ ಹೇಳುತ್ತಾರೆ. ಅದರ ಬದಲು ‘ಪಂದ್ಯವನ್ನು ನೋಡಲು ಬಂದವರೆಲ್ಲ ಪಕ್ಕದ ಮದುವೆಮನೆಗೆ ನುಗ್ಗಿದರು’ ಎಂದಿದ್ದರೆ ಅದು ಊಹೆಗೆ ಸಿಗುವುದಲ್ಲ. ಭಾಷಾ ಮಾದರಿಗಳು ಊಹೆಗೆ ಸಿಗುವ ಪದವನ್ನೇ ಹೆಚ್ಚಾಗಿ ಆರಿಸುತ್ತವೆ. ಹಾಗಾಗಿ ಊಹೆಗೆ ಸಿಗುವ ಪದಗಳು ಸಾಲುಸಾಲಾಗಿ ಬಂದರೆ, ಜೊತೆಗೆ ವಾಕ್ಯಗಳ ಉದ್ದವೂ ಒಂದೇ ಅಳತೆಯಲ್ಲಿದ್ದರೆ, ಡಿಟೆಕ್ಟರ್ ‘ಯಂತ್ರ’ ಎನ್ನುತ್ತದೆ.

ತೊಡಕು ಇರುವುದೂ ಇಲ್ಲೇ. ಊಹೆಗೆ ಸಿಗುವ ಹಾಗೆ ಬರೆಯುವವರು ಮನುಷ್ಯರಲ್ಲೂ ಇದ್ದಾರೆ. ಎರಡನೆಯ ಭಾಷೆಯಲ್ಲಿ ಬರೆಯುವವರು ತಮಗೆ ಖಾತ್ರಿಯಿರುವ ಪದವನ್ನೇ ಬಳಸುತ್ತಾರೆ, ಚಿಕ್ಕ ವಾಕ್ಯವನ್ನೇ ಕಟ್ಟುತ್ತಾರೆ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂಬ ಚೌಕಟ್ಟನ್ನು, ‘ಮೊದಲನೆಯದಾಗಿ’, ‘ಹೀಗಾಗಿ’ ಎಂಬ ಕೊಂಡಿಗಳನ್ನು ಹೇಳಿಕೊಟ್ಟವರು ನಾವೇ. ನಾವು ಹೇಳಿದ್ದನ್ನು ಚಾಚೂತಪ್ಪದೆ ಪಾಲಿಸಿದ ವಿದ್ಯಾರ್ಥಿಯ ಬರಹವೇ ಡಿಟೆಕ್ಟರ್‌ನ ಕಣ್ಣಿಗೆ ಮೊದಲು ಬೀಳುತ್ತದೆ.

ಇದು ನನ್ನ ಅನುಮಾನ ಮಾತ್ರವಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ 7 ಡಿಟೆಕ್ಟರ್‌ಗಳಿಗೆ ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆಯ 91 ಪ್ರಬಂಧಗಳನ್ನು ಕೊಟ್ಟು ನೋಡಿದರು. ಎಲ್ಲವೂ ಇಂಗ್ಲಿಷ್ ತಾಯ್ನುಡಿಯಲ್ಲದವರು ತಾವೇ ಬರೆದವು. ಸರಾಸರಿ ಶೇ 61ಕ್ಕಿಂತ ಹೆಚ್ಚು ಪ್ರಬಂಧಗಳನ್ನು ಎಐ ಬರೆದದ್ದೆಂದು ಈ ಡಿಟೆಕ್ಟರ್‌ಗಳು ತಪ್ಪಾಗಿ ಗುರುತಿಸಿದವು. ಅಮೆರಿಕದ ಎಂಟನೇ ತರಗತಿ ಮಕ್ಕಳ ಪ್ರಬಂಧಗಳಲ್ಲಿ ಮಾತ್ರ ಹೆಚ್ಚುಕಡಿಮೆ ಸರಿಯಾದ ಉತ್ತರ ಕೊಟ್ಟವು. ಆಮೇಲೆ ಸಂಶೋಧಕರು ಅದೇ ಟೋಫೆಲ್ ಪ್ರಬಂಧಗಳ ಪದಸಂಪತ್ತನ್ನು ಚಾಟ್‌ಜಿಪಿಟಿಯಿಂದ ಹೆಚ್ಚಿಸಿ ಮತ್ತೆ ಪರೀಕ್ಷಿಸಿದಾಗ ತಪ್ಪು ಗುರುತು ಶೇ 12ಕ್ಕಿಂತ ಕೆಳಗಿಳಿಯಿತು. ಅಂದರೆ ಸ್ವಂತ ಬರಹ ಸಿಕ್ಕಿಬಿತ್ತು, ಎಐ ತಿದ್ದಿದ ಬರಹ ಪಾರಾಯಿತು. ಈ ಒಂದು ಫಲಿತಾಂಶ ಸಾಕು ಎಂದು ನನಗೆ ಅನ್ನಿಸುತ್ತದೆ.

ಚಾಟ್‌ಜಿಪಿಟಿಯನ್ನು ಮಾಡಿದ ಓಪನ್‌ಎಐ ಕಂಪನಿಯೇ 2023ರ ಜನವರಿಯಲ್ಲಿ ತನ್ನದೊಂದು ಡಿಟೆಕ್ಟರ್ ಬಿಟ್ಟಿತ್ತು. ಅದು ಎಐ ಬರಹಗಳಲ್ಲಿ ಶೇ 26ರಷ್ಟನ್ನು ಮಾತ್ರ ಹಿಡಿಯುತ್ತದೆ, ಮನುಷ್ಯರ ಬರಹದಲ್ಲಿ ಶೇ 9ರಷ್ಟನ್ನು ತಪ್ಪಾಗಿ ಗುರುತಿಸುತ್ತದೆ ಎಂದು ಕಂಪನಿಯೇ ಹೇಳಿಕೊಂಡಿತ್ತು. ನಿಖರತೆ ಸಾಲದೆಂದು ಅದೇ ಜುಲೈನಲ್ಲಿ ಅದನ್ನು ಹಿಂದಕ್ಕೆ ಪಡೆಯಿತು.

‘ಈಗಿನವು ಸುಧಾರಿಸಿವೆಯಲ್ಲ, ತಪ್ಪು ಶೇ 1 ಅಥವಾ 2 ಮಾತ್ರ’ ಎಂಬ ಮಾತು ಇಲ್ಲಿ ಬಂದೇ ಬರುತ್ತದೆ. ಸರಿ, ಆ ಮಾತನ್ನೇ ಒಪ್ಪಿಕೊಂಡು ಲೆಕ್ಕ ಹಾಕೋಣ. ಒಂದು ಅಸೈನ್‌ಮೆಂಟಿಗೆ 600 ಪ್ರಬಂಧಗಳು ಬಂದವು ಎಂದುಕೊಳ್ಳಿ. ಅದರಲ್ಲಿ 120 ಎಐ ಬರೆದವು, 480 ವಿದ್ಯಾರ್ಥಿಗಳೇ ಬರೆದವು. ಡಿಟೆಕ್ಟರ್ ಎಐ ಬರಹದಲ್ಲಿ ಶೇ 70ನ್ನು ಹಿಡಿಯುತ್ತದೆ ಎಂದಿಟ್ಟುಕೊಂಡರೆ 84 ಸಿಕ್ಕವು, 36 ತಪ್ಪಿಸಿಕೊಂಡವು. 480ರಲ್ಲಿ ಶೇ 2 ಎಂದರೆ ಸುಮಾರು 10 ನಿರಪರಾಧಿಗಳು. ನಮ್ಮ ಮೇಜಿನ ಮೇಲೆ ಬಂದು ಬೀಳುವ ಪಟ್ಟಿಯಲ್ಲಿ 94 ಹೆಸರುಗಳಿರುತ್ತವೆ, ಅದರಲ್ಲಿ ಒಂಬತ್ತಕ್ಕೆ ಒಬ್ಬರು ಏನೂ ಮಾಡದವರು. ಅವರು ಯಾರು ಎಂದು ಪಟ್ಟಿ ಹೇಳುವುದಿಲ್ಲ.

ಈಗ ಎರಡು ಸಂಖ್ಯೆಗಳನ್ನು ಸ್ವಲ್ಪ ಬದಲಿಸಿ. ಎಐ ಬರಹವನ್ನು ಹಾಗೇ ಒಪ್ಪಿಸದೆ, ಅಲ್ಲಲ್ಲಿ ತಿದ್ದಿ, ಪದ ಬದಲಿಸಿ ಒಪ್ಪಿಸುವುದನ್ನು ಮಕ್ಕಳು ಬೇಗ ಕಲಿಯುತ್ತಾರೆ. ಆಗ ಹಿಡಿಯುವ ಪ್ರಮಾಣ ಶೇ 30ಕ್ಕೆ ಇಳಿಯಿತು, ತಪ್ಪು ಗುರುತು ಶೇ 5 ಆಯಿತು ಎನ್ನಿ. 36 ಮಂದಿ ಸರಿಯಾಗಿ ಸಿಕ್ಕರು, 24 ಮಂದಿ ತಪ್ಪಾಗಿ ಸಿಕ್ಕರು. 60ರ ಪಟ್ಟಿಯಲ್ಲಿ ಶೇ 40 ನಿರಪರಾಧಿಗಳು. ಇದರಲ್ಲಿ ಸಿಕ್ಕಿಬೀಳುವವರು ಹಾಗೇ ನಕಲು ಮಾಡಿದವರು, ತಪ್ಪಿಸಿಕೊಳ್ಳುವವರು ಜಾಣತನದಿಂದ ತಿದ್ದಿದವರು.

ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ ಟರ್ನಿಟಿನ್ ಕಂಪನಿಯ ಎಐ ಡಿಟೆಕ್ಟರನ್ನು 2023ರ ಆಗಸ್ಟ್‌ನಲ್ಲಿ ನಿಲ್ಲಿಸಿದಾಗ ಕೊಟ್ಟ ಕಾರಣಗಳಲ್ಲಿ ಇಂಥದ್ದೇ ಲೆಕ್ಕವೂ ಇತ್ತು. 2022ರಲ್ಲಿ ಅವರಲ್ಲಿ 75,000 ಬರಹಗಳು ಟರ್ನಿಟಿನ್‌ಗೆ ಹೋಗಿದ್ದವು. ಆಗಲೇ ಎಐ ಡಿಟೆಕ್ಟರ್ ಇದ್ದಿದ್ದರೆ, ಕಂಪನಿ ಹೇಳಿದ ಶೇ 1ರ ತಪ್ಪನ್ನೇ ಒಪ್ಪಿದರೂ ಸುಮಾರು 750 ಬರಹಗಳ ಮೇಲೆ ಸುಳ್ಳು ಆರೋಪ ಬರುತ್ತಿತ್ತು.

‘ನಾವೇನೂ ಅದನ್ನೇ ಸಾಕ್ಷಿ ಎಂದು ಹಿಡಿಯುವುದಿಲ್ಲ, ಸುಳಿವು ಎಂದಷ್ಟೇ ನೋಡುತ್ತೇವೆ, ಆಮೇಲೆ ಕರೆದು ಕೇಳುತ್ತೇವೆ’ ಎನ್ನುವವರೂ ನಮ್ಮಲ್ಲಿದ್ದಾರೆ. ಈ ಮಾತು ಪ್ರಾಮಾಣಿಕವಾದದ್ದು. ಆದರೆ 78 ಎಂಬ ಅಂಕಿಯನ್ನು ನೋಡಿದ ಮೇಲೆ ಅದೇ ಪ್ರಬಂಧವನ್ನು ನಾವು ಬೇರೆ ಕಣ್ಣಿನಿಂದ ಓದುತ್ತೇವೆ. ನಯವಾದ ವಾಕ್ಯ ಕಂಡರೆ ಅನುಮಾನ, ವ್ಯಾಕರಣ ಸರಿಯಿದ್ದರೆ ಇನ್ನೂ ಅನುಮಾನ. ಕರೆಸಿಕೊಂಡ ವಿದ್ಯಾರ್ಥಿಗೂ ಯಾಕೆ ಕರೆದರೆಂದು ಗೊತ್ತಿರುತ್ತದೆ. ಹೆದರಿ ತಡವರಿಸಿದರೆ ಅದೂ ತಪ್ಪೊಪ್ಪಿಗೆಯಂತೆ ಕಾಣುತ್ತದೆ. ಕೊನೆಗೆ ತೀರ್ಮಾನ ಮಾಡುವುದು ಮಾತುಕತೆಯೇ ಆದರೆ, ಆ ಮಾತುಕತೆಯನ್ನು ಎಲ್ಲರ ಜೊತೆ, ಅಂಕದ ಭಾಗವಾಗಿಯೇ ಮಾಡೋಣ ಎಂಬುದು ನನ್ನ ವಾದ.

ಇನ್ನು ಎರಡನೆಯ ಭಾಗ. ಒಂದು ಉದಾಹರಣೆ ಹಿಡಿದು ಹೋಗೋಣ. ಇಲ್ಲಿಯ ತನಕದ ಅಸೈನ್‌ಮೆಂಟ್ ಹೀಗಿತ್ತು ಎನ್ನಿ: ‘ಕಾಲರಾ ನೀರಿನಿಂದ ಹರಡುತ್ತದೆ ಎಂದು ಜಾನ್ ಸ್ನೋ ಹೇಗೆ ತೋರಿಸಿದರು? 1500 ಪದಗಳಲ್ಲಿ ಬರೆಯಿರಿ. 20 ಅಂಕ. ಎರಡು ವಾರ ಸಮಯ.’ ಸ್ನೋ ಲಂಡನ್ನಿನ ವೈದ್ಯರು. ಉತ್ತರ ಎಂದರೆ 1854ರ ಲಂಡನ್ನಿನ ಕಾಲರಾ, ಜನ ನೀರು ಹಿಡಿಯುತ್ತಿದ್ದ ಬ್ರಾಡ್ ಸ್ಟ್ರೀಟಿನ ಪಂಪು, ಸಾವುಗಳನ್ನು ಗುರುತಿಸಿದ ನಕ್ಷೆ, ಪಂಪಿನ ಹಿಡಿ ತೆಗೆಸಿದ್ದು. ಇದಕ್ಕೆ ಎಐ ಅರ್ಧ ನಿಮಿಷದಲ್ಲಿ ಒಳ್ಳೆಯ ಉತ್ತರ ಕೊಡುತ್ತದೆ, ಯಾಕೆಂದರೆ ಈ ಪ್ರಶ್ನೆ ಕೇಳುವುದು ಎಲ್ಲ ಕಡೆ ಬರೆದಿಟ್ಟಿರುವ ಕಥೆಯನ್ನು. ಎಐ ಬರುವ ಮೊದಲೂ ಈ ಪ್ರಶ್ನೆ ಅಳೆಯುತ್ತಿದ್ದದ್ದು ಸಾರಾಂಶ ಮಾಡುವ ಶಕ್ತಿಯನ್ನೇ. ನಮಗೆ ಬೇಕಾದದ್ದು ಸಾಕ್ಷ್ಯವನ್ನು ತೂಗಿ ನೋಡುವ ಶಕ್ತಿ.

ಹೊಸ ರೂಪದಲ್ಲಿ ಅದೇ 20 ಅಂಕ ನಾಲ್ಕು ಭಾಗವಾಗುತ್ತದೆ. ಮೊದಲ ಭಾಗ ತರಗತಿಯಲ್ಲೇ, ಕೈಬರಹದಲ್ಲಿ, 25 ನಿಮಿಷ, 5 ಅಂಕ. ಪ್ರತಿಯೊಬ್ಬರಿಗೂ ಒಂದು ಹಾಳೆ ಕೊಡುತ್ತೇವೆ. ಅದರಲ್ಲಿ ಸ್ನೋ ಅವರದೇ ಎರಡು ಕೋಷ್ಟಕಗಳಿರುತ್ತವೆ. ಒಂದು, ಬ್ರಾಡ್ ಸ್ಟ್ರೀಟ್ ಸುತ್ತ ಯಾವ ದಿನ ರೋಗ ತಗುಲಿದವರಲ್ಲಿ ಎಷ್ಟು ಮಂದಿ ಮುಂದೆ ಸತ್ತರು ಎಂಬುದು: ಸೆಪ್ಟೆಂಬರ್ 1ರಂದು 143, ಮರುದಿನ 116, ಹೀಗೆ ಇಳಿಯುತ್ತ ಪಂಪಿನ ಹಿಡಿ ತೆಗೆದ ಸೆಪ್ಟೆಂಬರ್ 8ರಂದು 12. ಇನ್ನೊಂದು, ದಕ್ಷಿಣ ಲಂಡನ್ನಿನಲ್ಲಿ ಒಂದೇ ಬೀದಿಗಳಿಗೆ ನೀರು ಕೊಡುತ್ತಿದ್ದ ಎರಡು ಕಂಪನಿಗಳದ್ದು. ಸದರ್ಕ್ ಮತ್ತು ವಾಕ್ಸ್‌ಹಾಲ್ ಕಂಪನಿಯ ನೀರಿದ್ದ 40,046 ಮನೆಗಳಲ್ಲಿ 1,263 ಸಾವು, ಅಂದರೆ 10,000 ಮನೆಗಳಿಗೆ 315. ಲ್ಯಾಂಬೆತ್ ಕಂಪನಿಯ 26,107 ಮನೆಗಳಲ್ಲಿ 98 ಸಾವು, 10,000ಕ್ಕೆ 37. ಮೊದಲನೆಯದು ಥೇಮ್ಸ್ ನದಿಯ ಕೊಳಚೆ ಸೇರಿದ ಭಾಗದಿಂದ ನೀರೆತ್ತುತ್ತಿತ್ತು, ಎರಡನೆಯದು ನೀರೆತ್ತುವ ಜಾಗವನ್ನು 1852ರಲ್ಲೇ ನದಿಯ ಮೇಲ್ಗಡೆಗೆ, ಕೊಳಚೆ ಸೇರದ ಕಡೆಗೆ ಬದಲಿಸಿತ್ತು. ಪ್ರಶ್ನೆ ಇಷ್ಟೇ: ‘ಪಂಪಿನ ಹಿಡಿಯನ್ನು ಯಾರೂ ತೆಗೆಯದೇ ಇದ್ದಿದ್ದರೆ, ಸ್ನೋ ವಾದದಲ್ಲಿ ಏನು ಉಳಿಯುತ್ತಿತ್ತು? ನಿನ್ನ ನಿಲುವು ಒಂದು ವಾಕ್ಯದಲ್ಲಿ, ಅದಕ್ಕೆ ಎರಡು ಸಾಕ್ಷ್ಯ, ಒಟ್ಟು 150 ಪದ.’ ಹಾಳೆಗಳನ್ನು ಅಲ್ಲೇ ತೆಗೆದುಕೊಂಡು, ಫೋಟೊ ಹಿಡಿದಿಟ್ಟು, ಮೂಲವನ್ನು ಮರುದಿನ ಹಿಂದಿರುಗಿಸಬೇಕು. ಮುಂದಿನ ಕೆಲಸಕ್ಕೆ ಅದು ಅವರಿಗೆ ಬೇಕಾಗುತ್ತದೆ.

ಎರಡನೆಯ ಭಾಗ ಮನೆಯಲ್ಲಿ, ಒಂದು ವಾರ, 800 ಪದ, 5 ಅಂಕ. ಎಐ ಸೇರಿದಂತೆ ಯಾವ ಸಾಧನ ಬೇಕಾದರೂ ಬಳಸಲಿ. ಕೊನೆಗೆ ಅರ್ಧ ಪುಟದಲ್ಲಿ ಏನೇನು ಬಳಸಿದೆ, ಅದು ಹೇಳಿದ್ದರಲ್ಲಿ ಯಾವುದನ್ನು ಬಿಟ್ಟೆ, ಯಾಕೆ ಬಿಟ್ಟೆ ಎಂದು ಬರೆಯಬೇಕು. ಪದಮಿತಿ ಇಳಿಸಿದ್ದಕ್ಕೆ ಕಾರಣವಿದೆ. 1500 ಪದ ಎಂದರೆ ತುಂಬಿಸುವ ಒತ್ತಡ, ಆ ಒತ್ತಡದಲ್ಲೇ ಮಕ್ಕಳು ಎಐ ಕಡೆ ಹೊರಳುತ್ತಾರೆ.

ಮೂರನೆಯದು ಮಾತುಕತೆ, ಒಬ್ಬರಿಗೆ 5 ನಿಮಿಷ, 6 ಅಂಕ. ಇದನ್ನು ಹತ್ತಿರದಿಂದ ನೋಡಬೇಕು, ಯಾಕೆಂದರೆ ಇಡೀ ಬದಲಾವಣೆ ನಿಂತಿರುವುದು ಇದರ ಮೇಲೆ. ಪ್ರಶ್ನೆಗಳು ಮೂರೇ, ಪ್ರತಿಯೊಂದಕ್ಕೂ 2 ಅಂಕ. ಮೊದಲನೆಯದು ಪ್ರಬಂಧದ ಒಂದು ವಾಕ್ಯವನ್ನು ತೋರಿಸಿ, ‘ಇದನ್ನು ಯಾವ ಸಾಕ್ಷ್ಯದ ಮೇಲೆ ಬರೆದೆ, ಕೋಷ್ಟಕದಲ್ಲಿ ತೋರಿಸು’ ಎನ್ನುವುದು. ಎರಡನೆಯದು ಒಂದು ಸಂಖ್ಯೆಯನ್ನು ಬದಲಿಸಿ, ‘ಲ್ಯಾಂಬೆತ್‌ನ 37ರ ಬದಲು 300 ಎಂದಿದ್ದರೆ ನಿನ್ನ ವಾದ ಏನಾಗುತ್ತದೆ’ ಎಂದು ಕೇಳುವುದು. ಮೂರನೆಯದು, ‘ತರಗತಿಯಲ್ಲಿ ಬರೆದ ಹಾಳೆಗೂ ಇದಕ್ಕೂ ಏನು ಬದಲಾಗಿದೆ, ಯಾಕೆ?’

ಇಂಥ ಪ್ರಬಂಧಗಳಲ್ಲಿ ಸಾಮಾನ್ಯವಾಗಿ ಬರುವ ವಾಕ್ಯ ಒಂದಿದೆ: ‘ಪಂಪಿನ ಹಿಡಿ ತೆಗೆದ ಕೂಡಲೇ ಸಾವುಗಳು ನಿಂತಿದ್ದರಿಂದ ನೀರೇ ಕಾರಣವೆಂದು ಸಾಬೀತಾಯಿತು.’ ಇದನ್ನು ಎಐ ಬರೆದಿರಬಹುದು, ವಿದ್ಯಾರ್ಥಿಯೇ ಬರೆದಿರಬಹುದು. ಯಾರು ಬರೆದರೂ ಇದು ತಪ್ಪು. ಅದರ ಮೇಲೆ ಬೆರಳಿಟ್ಟು ಮೊದಲ ಕೋಷ್ಟಕವನ್ನು ಮುಂದಿಡಿ. ವಿಷಯ ಗೊತ್ತಿರುವವರು 143, 116, ಕೆಳಗೆ 12 ಎಂದು ನೋಡಿ, ‘ಹಿಡಿ ತೆಗೆಯುವ ಮೊದಲೇ ಇಳಿದುಬಿಟ್ಟಿದೆಯಲ್ಲ, ಹಾಗಾದರೆ ಈ ವಾಕ್ಯ ನಿಲ್ಲುವುದಿಲ್ಲ, ನೀರಿನ ಕಂಪನಿಗಳ ಲೆಕ್ಕವೇ ಗಟ್ಟಿ’ ಎನ್ನುತ್ತಾರೆ. ಅವರಿಗೆ 2 ಅಂಕ. ಸಂಖ್ಯೆ ಇಳಿದದ್ದನ್ನು ತೋರಿಸಿ, ಅದು ತಮ್ಮ ವಾಕ್ಯವನ್ನು ಏನು ಮಾಡುತ್ತದೆ ಎಂದು ಹೇಳಲಾಗದಿದ್ದರೆ 1. ವಾಕ್ಯವನ್ನೇ ಮತ್ತೆ ಓದಿ ಒಪ್ಪಿಸಿದರೆ ಅಂಕವಿಲ್ಲ. ಯಾರು ಬರೆದರು ಎಂಬ ಪ್ರಶ್ನೆಯನ್ನು ನಾವು ಕೇಳಲೇ ಇಲ್ಲ ಎಂಬುದನ್ನು ಗಮನಿಸಿ. ಸ್ನೋ ಕೂಡ, ನೀರಿನ ಬಳಕೆ ನಿಲ್ಲುವ ಮೊದಲೇ ರೋಗ ತಗ್ಗಿತ್ತು ಎಂದು ಒಪ್ಪಿಕೊಂಡು ಬರೆದಿದ್ದಾರೆ. ಆ ಪ್ರಾಮಾಣಿಕತೆಯನ್ನು ವಿದ್ಯಾರ್ಥಿ ತಾನೇ ಕಂಡುಕೊಳ್ಳುವ ಐದು ನಿಮಿಷ ಅದು.

ನಾಲ್ಕನೆಯ ಭಾಗ ಮತ್ತೆ ತರಗತಿಯಲ್ಲಿ, 15 ನಿಮಿಷ, 4 ಅಂಕ. ಹೊಸ ಸಾಕ್ಷ್ಯವೊಂದನ್ನು ಕೊಡುತ್ತೇವೆ: ಬ್ರಾಡ್ ಸ್ಟ್ರೀಟ್ ಸಮೀಪ, ಬಡವರನ್ನು ಇರಿಸುತ್ತಿದ್ದ ದುಡಿಮೆಗೃಹದಲ್ಲಿ 535 ಜನರಿದ್ದರು, ಕಾಲರಾದಿಂದ ಸತ್ತವರು 5 ಮಂದಿ, ಅಲ್ಲಿ ಸ್ವಂತ ಬಾವಿ ಇತ್ತು. ಇದು ನಿನ್ನ ಪ್ರಬಂಧದ ಯಾವ ಪ್ಯಾರಾಕ್ಕೆ ಸೇರುತ್ತದೆ, ಆ ಪ್ಯಾರಾವನ್ನು ಇದನ್ನು ಸೇರಿಸಿ ಮತ್ತೆ ಬರೆ. ತನ್ನ ವಾದದ ಒಳಗು ಗೊತ್ತಿದ್ದವರಿಗೆ ಇದು ಸುಲಭ, ಇಲ್ಲದವರು ಕೊನೆಗೆ ಒಂದು ವಾಕ್ಯ ಅಂಟಿಸಿ ಬಿಡುತ್ತಾರೆ.

ಸಮಯದ ಪ್ರಶ್ನೆಯನ್ನು ಮರೆಮಾಚುವುದಿಲ್ಲ. 40 ಮಂದಿಯ ತರಗತಿಗೆ 1500 ಪದಗಳ ಪ್ರಬಂಧ ತಿದ್ದಲು ಒಂದಕ್ಕೆ 12 ನಿಮಿಷದಂತೆ 8 ಗಂಟೆ ಬೇಕು. ಹೊಸ ರೀತಿಯಲ್ಲಿ ಮೊದಲ ಹಾಳೆಗೆ 2 ನಿಮಿಷ, 800 ಪದದ ಪ್ರಬಂಧಕ್ಕೆ 4, ಮಾತುಕತೆಗೆ ಒಬ್ಬರು ಎದ್ದು ಇನ್ನೊಬ್ಬರು ಬರುವುದೂ ಸೇರಿ 6, ಕೊನೆಯ ಹಾಳೆಗೆ 2. ಒಬ್ಬರಿಗೆ 14 ನಿಮಿಷ, ಒಟ್ಟು 9 ಗಂಟೆ 20 ನಿಮಿಷ. 1 ಗಂಟೆ 20 ನಿಮಿಷ ಹೆಚ್ಚು. ಅದರಲ್ಲಿ ಮಾತುಕತೆಯ 4 ಗಂಟೆ ಮನೆಗೆ ಹೊತ್ತೊಯ್ಯುವ ಕೆಲಸವಲ್ಲ. 50 ನಿಮಿಷದ ಪಿರಿಯಡ್ಡಿಗೆ 8 ಮಂದಿಯಂತೆ 5 ಪಿರಿಯಡ್, ಉಳಿದವರು ಆ ಹೊತ್ತಿಗೆ ಓದುವ ಕೆಲಸದಲ್ಲಿರುತ್ತಾರೆ. ಇದನ್ನು ಪ್ರತಿ ಅಸೈನ್‌ಮೆಂಟಿಗೂ ಮಾಡಲಾಗದು. ಒಂದು ಟರ್ಮಿಗೆ ಒಂದು ಸಾಕು, ಮಿಕ್ಕ ಮನೆ ಪ್ರಬಂಧಗಳಲ್ಲಿ ಒಂದೆರಡನ್ನು ಕೈಬಿಡೋಣ. ಮೂವರನ್ನು ಒಟ್ಟಿಗೆ ಕರೆದರೆ ಸಮಯ ಉಳಿಯುತ್ತದೆ ಎಂಬ ಸಲಹೆ ಬರಬಹುದು. ನನಗೆ ಒಪ್ಪಿಗೆಯಿಲ್ಲ: ಮಾತು ಬರುವವನು ಮಾತಾಡುತ್ತಾನೆ, ಗೊತ್ತಿದ್ದೂ ಸುಮ್ಮನಿರುವವಳಿಗೆ ಅಂಕ ತಪ್ಪುತ್ತದೆ.

ಎಲ್ಲಿ ಎಡವುತ್ತೇವೆ ಎಂಬುದನ್ನೂ ಈಗಲೇ ಹೇಳಿಬಿಡುತ್ತೇನೆ. ಮೊದಲ ದಿನ ಬಂದವರು ಪ್ರಶ್ನೆಗಳನ್ನು ಉಳಿದವರಿಗೆ ಹೇಳುತ್ತಾರೆ. ಹೇಳಲಿ, ಮೂರೂ ಪ್ರಶ್ನೆಗಳನ್ನು ನಾವೇ ಮೊದಲು ಬೋರ್ಡಿನ ಮೇಲೆ ಬರೆದುಬಿಡೋಣ. ಪ್ರತಿಯೊಬ್ಬರ ವಾಕ್ಯ ಬೇರೆ ಇರುವುದರಿಂದ ಅವರ ತಯಾರಿ ಎಂದರೆ ತಮ್ಮ ಪ್ರಬಂಧವನ್ನು ಅರ್ಥಮಾಡಿಕೊಳ್ಳುವುದೇ. ತೊದಲುವವರು, ಎದುರು ನಿಂತರೆ ಮಾತು ಹೊರಡದವರು ಇರುತ್ತಾರೆ. ಅವರಿಗೆ ಅದೇ ಮೂರು ಪ್ರಶ್ನೆಗಳನ್ನು ಕಾಗದದ ಮೇಲೆ ಕೊಟ್ಟು 10 ನಿಮಿಷ ಬರೆಯಲು ಬಿಡಬೇಕು, ಕಾರಣ ಕೇಳದೆ. ಯಾವ ಭಾಷೆಯಲ್ಲಿ ಹೇಳಿದರೂ ಸರಿ; ಅಂಕ ಇರುವುದು ತರ್ಕಕ್ಕೆ, ನಿರರ್ಗಳತೆಗೆ ಅಲ್ಲ.

ಇದಕ್ಕಿಂತ ದೊಡ್ಡ ಅಪಾಯ ನಮ್ಮ ಕಡೆಯಿಂದಲೇ ಬರುತ್ತದೆ. ತರಗತಿಯ ಕೈಬರಹದ ಹಾಳೆಯನ್ನೂ ಮನೆಯ ಪ್ರಬಂಧವನ್ನೂ ಅಕ್ಕಪಕ್ಕ ಇಟ್ಟು, ‘ಇಲ್ಲಿ ಇಷ್ಟು ತಪ್ಪು, ಅಲ್ಲಿ ಇಷ್ಟು ನಯ’ ಎಂದು ಹೋಲಿಸುವ ಆಸೆ ಹುಟ್ಟುತ್ತದೆ. ಹಾಗೆ ಮಾಡಿದರೆ ನಾವೇ ಡಿಟೆಕ್ಟರ್ ಆದೆವು, ಅದೂ ತಪ್ಪಿನ ಪ್ರಮಾಣ ಯಾರೂ ಅಳೆಯದ ಡಿಟೆಕ್ಟರ್. 25 ನಿಮಿಷದ ಬರಹಕ್ಕಿಂತ ಒಂದು ವಾರದ ಬರಹ ಚೆನ್ನಾಗಿರಲೇಬೇಕು. ಹೋಲಿಸಬೇಕಾದದ್ದು ನಿಲುವನ್ನು: ಬದಲಾಗಿದೆಯೇ, ಯಾಕೆ ಬದಲಾಯಿತೆಂದು ಹೇಳಬಲ್ಲರೇ. ಹಾಗೆಯೇ, ಪ್ರಶ್ನೆಪತ್ರಿಕೆಯಲ್ಲಿ ಬಿಳಿ ಅಕ್ಷರದಲ್ಲಿ ಗುಟ್ಟಾಗಿ ಏನಾದರೂ ಬರೆದು ಎಐಯನ್ನು ಬಲೆಗೆ ಬೀಳಿಸುವ ಉಪಾಯ ಬೇಡ. ಪರದೆಯನ್ನು ಓದಿ ಹೇಳುವ ತಂತ್ರಾಂಶ ಬಳಸುವ ದೃಷ್ಟಿದೋಷದ ವಿದ್ಯಾರ್ಥಿಗೆ ಆ ಗುಟ್ಟಿನ ಸಾಲು ನಿಜವಾದ ಸೂಚನೆಯಂತೆಯೇ ಕೇಳಿಸುತ್ತದೆ, ಬಲೆಗೆ ಬೀಳುವುದು ಅವನು.

ಮಾತುಕತೆಯಲ್ಲಿ ಮೂರೂ ಪ್ರಶ್ನೆಗೆ ಉತ್ತರ ಬರದ ವಿದ್ಯಾರ್ಥಿಯನ್ನು ಏನು ಮಾಡುವುದು? ಏನೂ ಇಲ್ಲ. 6 ಅಂಕ ಹೋಗುತ್ತದೆ, ನಾಲ್ಕನೆಯ ಭಾಗದಲ್ಲೂ ಬಹುಶಃ 2 ಅಥವಾ 3 ಹೋಗುತ್ತದೆ. ವಿಚಾರಣೆ ಬೇಡ, ಪೋಷಕರನ್ನು ಕರೆಸುವುದು ಬೇಡ. ಅಂಕವೇ ಅವನಿಗೆ ತನ್ನ ಪ್ರಬಂಧ ತನಗೆ ಗೊತ್ತಿಲ್ಲ ಎಂದು ಹೇಳಿಯಾಗಿದೆ.

ಈಗಾಗಲೇ ಡಿಟೆಕ್ಟರ್ ಗುರುತು ಹಾಕಿದ್ದಕ್ಕೆ ಅಂಕ ತಡೆಹಿಡಿದಿರುವ ಪ್ರಬಂಧಗಳು ನಮ್ಮ ಬಳಿ ಇದ್ದರೆ, ಅವುಗಳ ಮೇಲಿನ ಆ ಶೇಕಡಾ ಅಂಕಿಯನ್ನು ಹರಿದು ಹಾಕಿ, ಹೆಸರು ಪಟ್ಟಿ ಮಾಡದೆ, ಮುಂದಿನ ವಾರ ಆ ತರಗತಿಯ ಎಲ್ಲರನ್ನೂ ಇದೇ ಮೂರು ಪ್ರಶ್ನೆಗಳಿಗೆ ಕರೆಯೋಣ. ಪ್ರಶ್ನೆಗಳ ಹಾಳೆಯನ್ನು ಸಭೆ ಮುಗಿಯುವಷ್ಟರಲ್ಲಿ ಎಲ್ಲರ ಕೈಗೂ ಕೊಡುತ್ತೇನೆ. ನಿಮ್ಮ ವಿಷಯದ ಒಂದು ಪ್ರಬಂಧ ತೆಗೆದುಕೊಂಡು, ಯಾವ ವಾಕ್ಯದ ಮೇಲೆ ಬೆರಳಿಡುತ್ತೀರಿ ಎಂದು ಅದರ ಪಕ್ಕದಲ್ಲೇ ಬರೆದು ತನ್ನಿ.